ಯಾವ ಮೇಷ್ಟ್ರೂ ಒಂದೇ ಹೊತ್ತಿಗೆ ಎರಡು ತರಗತಿಯಲ್ಲಿ ಬೀಳದಂತೆ: ಪ್ರೌಢಶಾಲೆಯ ವೇಳಾಪಟ್ಟಿ ಹಾಕುವ ಕ್ರಮ

ಶಾಲೆ ಶುರುವಾದ ಮೊದಲ ವಾರ ಹೆಚ್ಚಿನ ಕಡೆ ಟೈಮ್‌ಟೇಬಲ್ ಹೀಗೆ ತಯಾರಾಗುತ್ತದೆ. ಹೋದ ವರ್ಷದ್ದನ್ನು ತೆಗೆಯುತ್ತಾರೆ. ವರ್ಗಾವಣೆಯಾದವರ ಹೆಸರು ಹೊಡೆದು ಹೊಸಬರ ಹೆಸರು ಬರೆಯುತ್ತಾರೆ. ಯಾರೋ ಒಬ್ಬರು "ನನಗೆ ಕೊನೇ ಪೀರಿಯಡ್ ಬೇಡ" ಅಂದರೆ ಅಲ್ಲೊಂದು ತಿದ್ದುತ್ತಾರೆ. ಆ ತಿದ್ದುಪಡಿ ಇನ್ನೆಲ್ಲೋ ಡಿಕ್ಕಿ ಹೊಡೆಯುತ್ತದೆ. ಗುರುವಾರ ನಾಲ್ಕನೇ ಅವಧಿಗೆ ಗಣಿತದ ಮೇಷ್ಟ್ರಿಗಾಗಿ ಎಂಟನೇ ತರಗತಿಯೂ ಕಾಯುತ್ತಿರುತ್ತದೆ, ಹತ್ತನೇ ತರಗತಿಯೂ ಕಾಯುತ್ತಿರುತ್ತದೆ.

ಖಾಲಿ ಹಾಳೆಯಿಂದ ಶುರು ಮಾಡಿದರೆ ಇಷ್ಟು ಒದ್ದಾಟ ಇರುವುದಿಲ್ಲ. ಅದಕ್ಕೊಂದು ಕ್ರಮ ಇದೆ. ನಮ್ಮ ಹಳ್ಳಿಗಳಲ್ಲಿ ತುಂಬಾ ಕಾಣುವಂಥ ಒಂದು ಪ್ರೌಢಶಾಲೆಯನ್ನು ಉದಾಹರಣೆಗೆ ಇಟ್ಟುಕೊಂಡು ಅದನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ಎಂಟು, ಒಂಬತ್ತು, ಹತ್ತು, ಪ್ರತಿಯೊಂದಕ್ಕೂ ಒಂದೇ ವಿಭಾಗ. ಏಳು ಜನ ಶಿಕ್ಷಕರು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 8 ಅವಧಿ, ನಾಲ್ಕನೆಯದು ಮುಗಿದ ಮೇಲೆ ಬಿಸಿಯೂಟ. ಶನಿವಾರ ಬೆಳಗಿನ ಶಾಲೆ, 5 ಅವಧಿ. ಅಂದರೆ ಒಂದು ತರಗತಿಗೆ ವಾರಕ್ಕೆ 45 ಅವಧಿ, ಮೂರಕ್ಕೂ ಸೇರಿ 135.

ಮೊದಲು ಲೆಕ್ಕ, ಆಮೇಲೆ ಚೌಕ

ಚೌಕ ತುಂಬುವ ಮೊದಲು ಎರಡು ಪಟ್ಟಿ ಬರೆಯಿರಿ. ಮೊದಲನೆಯದು, ಒಂದು ತರಗತಿಗೆ ಯಾವ ವಿಷಯ ವಾರಕ್ಕೆ ಎಷ್ಟು ಅವಧಿ. ಇಲ್ಲಿ ನಾನು ಹಿಡಿದಿರುವುದು ಕನ್ನಡ 7, ಇಂಗ್ಲಿಷ್ 6, ಹಿಂದಿ 5, ಗಣಿತ 7, ವಿಜ್ಞಾನ 7, ಸಮಾಜ 6, ದೈಹಿಕ ಶಿಕ್ಷಣ 4. ಉಳಿದ 3 ಅವಧಿ ಗ್ರಂಥಾಲಯ, ಮೌಲ್ಯ ಶಿಕ್ಷಣ, ಕಾರ್ಯಾನುಭವಕ್ಕೆ ಒಂದೊಂದು. ಕೂಡಿದರೆ 45. ಇದು ಉದಾಹರಣೆಯ ಹಂಚಿಕೆ. ನಿಮ್ಮಲ್ಲಿ ಇಲಾಖೆಯ ಆ ವರ್ಷದ ಸುತ್ತೋಲೆ ಏನು ಹೇಳುತ್ತದೋ ಆ ಸಂಖ್ಯೆ ಹಾಕಿಕೊಳ್ಳಿ. ಕ್ರಮ ಬದಲಾಗುವುದಿಲ್ಲ.

ಎರಡನೆಯ ಪಟ್ಟಿ ಶಿಕ್ಷಕರದ್ದು. ಇದನ್ನು ವಿಷಯದ ಹೆಸರಿನಲ್ಲಿ ಬರೆಯಬೇಡಿ, ಆಳಿನ ಹೆಸರಿನಲ್ಲೇ ಬರೆಯಿರಿ. ಯಾಕೆಂದರೆ ಡಿಕ್ಕಿಯಾಗುವುದು ಜನಕ್ಕೆ. ನಮ್ಮ ಶಾಲೆಯಲ್ಲಿ ಪಿ.ಸಿ.ಎಂ. ಮೇಷ್ಟ್ರು ಮೂರೂ ತರಗತಿಗೆ ಗಣಿತ ಹೇಳುತ್ತಾರೆ, ಜೊತೆಗೆ ಹತ್ತನೇ ತರಗತಿಯ ವಿಜ್ಞಾನದಲ್ಲಿ ಭೌತಶಾಸ್ತ್ರದ 3 ಅವಧಿಯೂ ಅವರದ್ದೇ. ಅವರಿಗೆ 24. ಸಿ.ಬಿ.ಝಡ್. ಮೇಡಂಗೆ ಉಳಿದ ವಿಜ್ಞಾನ, 18. ಕನ್ನಡದವರಿಗೆ 21. ಇಂಗ್ಲಿಷಿನವರು ಗ್ರಂಥಾಲಯವನ್ನೂ ನೋಡಿಕೊಂಡರೆ 21. ಹಿಂದಿಯವರು ಮೌಲ್ಯ ಶಿಕ್ಷಣ ಸೇರಿ 18. ಸಮಾಜದವರು ಕಾರ್ಯಾನುಭವ ಸೇರಿ 21. ದೈಹಿಕ ಶಿಕ್ಷಕರಿಗೆ 12. ಇದನ್ನೂ ಕೂಡಿ ನೋಡಿ. 135 ಬರಲೇಬೇಕು. ಒಂದು ಕಡಿಮೆಯಾದರೂ ಎಲ್ಲೋ ಒಂದು ಅವಧಿಗೆ ಆಳಿಲ್ಲ ಅಂತ ಅರ್ಥ, ಒಂದು ಜಾಸ್ತಿಯಾದರೆ ಎಲ್ಲೋ ಎರಡು ಸಲ ಎಣಿಸಿದ್ದೀರಿ.

ಈ ಲೆಕ್ಕದಿಂದ ಇನ್ನೊಂದು ಉಪಕಾರ ಇದೆ. ಯಾವುದು ಸಾಧ್ಯವೇ ಇಲ್ಲ, ಯಾವುದು ತುಂಬಾ ಕಷ್ಟ ಅನ್ನೋದು ಇಲ್ಲೇ ಗೊತ್ತಾಗುತ್ತದೆ. "ಗಣಿತವನ್ನೆಲ್ಲಾ ಊಟಕ್ಕೆ ಮುಂಚೆಯೇ ಹಾಕಿ" ಅಂತ ಹೆಚ್.ಎಂ. ಹೇಳುವುದುಂಟು. ಊಟಕ್ಕೆ ಮುಂಚಿನ ಅವಧಿ ದಿನಕ್ಕೆ ನಾಲ್ಕರಂತೆ ಐದು ದಿನಕ್ಕೆ 20, ಶನಿವಾರದ 5 ಸೇರಿ 25. ಗಣಿತವೇ 21, ಭೌತಶಾಸ್ತ್ರ ಸೇರಿ ಪಿ.ಸಿ.ಎಂ. ಮೇಷ್ಟ್ರಿಗೆ 24 ಅವಧಿ. ಎಲ್ಲವನ್ನೂ ಹಾಗೆ ಹಾಕಿದರೆ ಅವರು ಹೆಚ್ಚುಕಡಿಮೆ ದಿನಾ ಬೆಳಿಗ್ಗೆ ನಾಲ್ಕೂ ಅವಧಿ ಒಂದೇ ಸಮನೆ ನಿಂತು ಪಾಠ ಮಾಡಬೇಕು, ಮಧ್ಯಾಹ್ನವೆಲ್ಲಾ ಸುಮ್ನೆ ಕೂರಬೇಕು. ಅದು ಬೇಡವೆಂದರೆ, ಒಬ್ಬರೇ ಗಣಿತ ಶಿಕ್ಷಕರಿರುವ ಶಾಲೆಯಲ್ಲಿ ಒಂದು ತರಗತಿಗಾದರೂ ಊಟದ ಮೇಲೆ ಗಣಿತ ಬಂದೇ ಬರುತ್ತದೆ. ಹಾಗಾಗಿ ಅದು ಯಾವಾಗಲೂ ಒಂದೇ ತರಗತಿಯ ಪಾಲಿಗೆ ಬೀಳದಂತೆ ನೋಡಿಕೊಳ್ಳೋದು ನಮ್ಮ ಕೆಲಸ.

ದೈಹಿಕ ಶಿಕ್ಷಣಕ್ಕೂ ಇದೇ ಲೆಕ್ಕ. "ಆಟ ಕೊನೇ ಎರಡು ಅವಧಿಗೇ ಇರಲಿ" ಅನ್ನುತ್ತಾರೆ. ಏಳು ಮತ್ತು ಎಂಟನೇ ಅವಧಿ ವಾರಕ್ಕೆ 10 ಮಾತ್ರ. ಆಟದ ಅವಧಿ 12. ಎರಡು ಹೊರಗೆ ಉಳಿಯುತ್ತವೆ. ಎರಡು ತರಗತಿಯನ್ನು ಒಟ್ಟಿಗೆ ಮೈದಾನಕ್ಕೆ ಬಿಡಬೇಕು, ಇಲ್ಲವೇ ಎರಡು ಅವಧಿಯನ್ನು ಮುಂದಕ್ಕೆ ತರಬೇಕು. ಇದನ್ನು ಮೊದಲೇ ಎಣಿಸದಿದ್ದರೆ, ಚೌಕವೆಲ್ಲಾ ತುಂಬಿದ ಮೇಲೆ ಕೊನೆಯ ಎರಡು ಖಾಲಿ ಮನೆಯ ಹತ್ತಿರ ರಾತ್ರಿಯೆಲ್ಲಾ ಕೂರಬೇಕಾಗುತ್ತದೆ.

ಭಾರದ ವಿಷಯಕ್ಕೆ ನಿಯಮ ಬರೆದುಕೊಳ್ಳಿ

ಮಕ್ಕಳಿಗೆ ತಲೆ ಹೆಚ್ಚು ಖರ್ಚಾಗುವುದು ಗಣಿತ ಮತ್ತು ವಿಜ್ಞಾನಕ್ಕೆ ಅಂತ ಇಲ್ಲಿ ಹಿಡಿದಿದ್ದೇನೆ. ಹಿಂದುಳಿದ ಊರುಗಳಲ್ಲಿ ಇಂಗ್ಲಿಷೂ ಅಷ್ಟೇ ಭಾರ. ಅದನ್ನು ನಿಮ್ಮ ಮಕ್ಕಳನ್ನು ನೋಡಿ ತೀರ್ಮಾನಿಸಿ. ನಾನು ಇಟ್ಟುಕೊಳ್ಳುವ ನಿಯಮ ಮೂರು. ಗಣಿತದ ಹಿಂದೆಯೇ ವಿಜ್ಞಾನ ಬರಬಾರದು, ನಡುವೆ ಒಂದಾದರೂ ಬೇರೆ ವಿಷಯ ಇರಬೇಕು. ಏಳು, ಎಂಟನೇ ಅವಧಿಯಲ್ಲಿ ಇವೆರಡೂ ಇರಬಾರದು. ಒಂದೇ ವಿಷಯ ದಿನಾ ಒಂದೇ ಹೊತ್ತಿಗೆ ಬರಬಾರದು. ಮೂರನೆಯದನ್ನು ಜನ ಮರೆಯುತ್ತಾರೆ. ದಿನಾ ಊಟವಾದ ತಕ್ಷಣ ಗಣಿತ ಇರುವ ತರಗತಿಗೂ, ದಿನಾ ಮೊದಲ ಅವಧಿಗೆ ಗಣಿತ ಇರುವ ತರಗತಿಗೂ ಕಲಿಕೆ ಒಂದೇ ಥರ ಆಗಲ್ಲ ಅಲ್ವಾ? ಆದರೆ ಪರೀಕ್ಷೆ ಎರಡಕ್ಕೂ ಒಂದೇ.

ವಿಜ್ಞಾನದ ಜೋಡಿ ಅವಧಿಗೆ ಮಾತ್ರ ರಿಯಾಯಿತಿ. ಪ್ರಯೋಗ ಮಾಡಿಸಲು ಎರಡು ಅವಧಿ ಒಟ್ಟಿಗೆ ಬೇಕು. ಸಾಮಾನು ಜೋಡಿಸುವುದರಲ್ಲೇ ಒಂದು ಅವಧಿ ಅರ್ಧ ಮುಗಿದಿರುತ್ತದೆ.

ಆರು ವಿಷಯದ ಚಕ್ರ

ಈಗ ಮುಖ್ಯ ಕೆಲಸ. ಒಂದೊಂದೇ ಚೌಕ ತುಂಬುತ್ತಾ ಹೋಗಬೇಡಿ. ಮೊದಲು ಆರು ಮುಖ್ಯ ವಿಷಯಗಳನ್ನು ಒಂದು ಭಾಷೆಯಲ್ಲದ್ದು, ಒಂದು ಭಾಷೆ ಎಂಬಂತೆ ಸುತ್ತಾಗಿ ಬರೆಯಿರಿ: ಗಣಿತ, ಇಂಗ್ಲಿಷ್, ವಿಜ್ಞಾನ, ಕನ್ನಡ, ಸಮಾಜ, ಹಿಂದಿ. ಹಿಂದಿಯ ನಂತರ ಮತ್ತೆ ಗಣಿತ.

ಮೊದಲ ತರಗತಿ ಈ ಸುತ್ತನ್ನು ಗಣಿತದಿಂದ ಶುರು ಮಾಡಲಿ. ಎರಡನೆಯದು ಎರಡು ಹೆಜ್ಜೆ ಮುಂದೆ, ವಿಜ್ಞಾನದಿಂದ. ಮೂರನೆಯದು ಇನ್ನೂ ಎರಡು ಹೆಜ್ಜೆ ಮುಂದೆ, ಸಮಾಜದಿಂದ. ಆಗ ಮೊದಲ ಆರು ಅವಧಿ ಹೀಗೆ ನಿಲ್ಲುತ್ತವೆ:

| | 1 | 2 | 3 | 4 | 5 | 6 |
|---|---|---|---|---|---|---|
| ಒಂದನೇ ಸಾಲು | ಗಣಿತ | ಇಂಗ್ಲಿಷ್ | ವಿಜ್ಞಾನ | ಕನ್ನಡ | ಸಮಾಜ | ಹಿಂದಿ |
| ಎರಡನೇ ಸಾಲು | ವಿಜ್ಞಾನ | ಕನ್ನಡ | ಸಮಾಜ | ಹಿಂದಿ | ಗಣಿತ | ಇಂಗ್ಲಿಷ್ |
| ಮೂರನೇ ಸಾಲು | ಸಮಾಜ | ಹಿಂದಿ | ಗಣಿತ | ಇಂಗ್ಲಿಷ್ | ವಿಜ್ಞಾನ | ಕನ್ನಡ |

ಯಾವ ಅವಧಿಯನ್ನಾದರೂ ಮೇಲಿನಿಂದ ಕೆಳಗೆ ಓದಿ. ಒಂದೇ ವಿಷಯ ಎರಡು ಸಲ ಸಿಗಲ್ಲ. ಎಲ್ಲರೂ ಒಂದೇ ಸುತ್ತಿನಲ್ಲಿ ಬೇರೆ ಬೇರೆ ಜಾಗದಲ್ಲಿ ನಿಂತಿರುವುದರಿಂದ ಒಬ್ಬರ ಮೇಲೊಬ್ಬರು ಬೀಳಲು ಸಾಧ್ಯವೇ ಇಲ್ಲ. ಯಾವ ಸಾಲಿನಲ್ಲೂ ಗಣಿತ, ವಿಜ್ಞಾನ ಪಕ್ಕಪಕ್ಕ ಬಂದಿಲ್ಲ. ಇನ್ನೂ ಒಂದು ಗುಣ ಇದೆ, ಮುಂದೆ ತುಂಬಾ ಉಪಯೋಗಕ್ಕೆ ಬರುವುದು ಅದೇ. ಗಣಿತ, ವಿಜ್ಞಾನ, ಸಮಾಜದವರು 1, 3, 5ನೇ ಅವಧಿಯಲ್ಲಿ ಮಾತ್ರ ತರಗತಿಯಲ್ಲಿರುತ್ತಾರೆ. ಮೂರೂ ಭಾಷೆಯವರು 2, 4, 6ರಲ್ಲಿ. ಅಂದರೆ ಪ್ರತಿಯೊಬ್ಬರಿಗೂ ಒಂದು ಪಾಠ, ಒಂದು ಬಿಡುವು.

ಒಂದನೇ ಸಾಲು ಮಕ್ಕಳಿಗೆ ಎಲ್ಲಕ್ಕಿಂತ ಒಳ್ಳೆಯದು, ಭಾರದ ವಿಷಯ ಎರಡೂ ಊಟಕ್ಕೆ ಮುಂಚೆಯೇ ಮುಗಿಯುತ್ತವೆ. ಎರಡನೆಯದರಲ್ಲಿ ಗಣಿತ, ಮೂರನೆಯದರಲ್ಲಿ ವಿಜ್ಞಾನ ಊಟದ ಮೇಲೆ ಬರುತ್ತದೆ. ಅದಕ್ಕೇ ಸಾಲುಗಳನ್ನು ದಿನಾ ಬದಲಾಯಿಸಬೇಕು. ಸೋಮವಾರ ಎಂಟನೇ ತರಗತಿ ಒಂದನೇ ಸಾಲು, ಒಂಬತ್ತು ಎರಡನೇದು, ಹತ್ತು ಮೂರನೇದು. ಮಂಗಳವಾರ ಹತ್ತಕ್ಕೆ ಒಂದನೇದು, ಎಂಟಕ್ಕೆ ಎರಡನೇದು, ಒಂಬತ್ತಕ್ಕೆ ಮೂರನೇದು. ಬುಧವಾರ ಒಂಬತ್ತಕ್ಕೆ ಒಂದನೇದು, ಹತ್ತಕ್ಕೆ ಎರಡನೇದು, ಎಂಟಕ್ಕೆ ಮೂರನೇದು. ಗುರುವಾರ ಸೋಮವಾರದಂತೆ, ಶುಕ್ರವಾರ ಮಂಗಳವಾರದಂತೆ.

ಐದು ದಿನ ಮೂರು ಸಾಲಿಗೆ ಸಮವಾಗಿ ಹಂಚಿಕೆಯಾಗುವುದಿಲ್ಲ. ಎಂಟಕ್ಕೂ ಹತ್ತಕ್ಕೂ ಒಳ್ಳೆಯ ಸಾಲು ಎರಡೆರಡು ದಿನ ಸಿಕ್ಕಿತು, ಒಂಬತ್ತಕ್ಕೆ ಒಂದೇ ದಿನ. ಎಸ್‌ಎಸ್‌ಎಲ್‌ಸಿ ಇರುವುದರಿಂದ ಹತ್ತಕ್ಕೆ ಎರಡು ದಿನ ಕೊಡುವುದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ದಸರಾ ರಜೆ ಮುಗಿದ ಮೇಲೆ ಎಂಟು ಮತ್ತು ಒಂಬತ್ತನ್ನು ಅದಲುಬದಲು ಮಾಡಿ. ಇಲ್ಲದಿದ್ದರೆ ಒಂಬತ್ತನೇ ತರಗತಿಯ ಮಕ್ಕಳಿಗೆ ವರ್ಷಪೂರ್ತಿ ಅನ್ಯಾಯ.

ತರಗತಿ ಶಿಕ್ಷಕರೇ ಮೊದಲ ಅವಧಿ ತೆಗೆದುಕೊಂಡು ಹಾಜರಿ ಹಾಕಬೇಕು ಎಂಬ ಪದ್ಧತಿ ಇರುವ ಶಾಲೆಯಲ್ಲಿ ಈ ಬದಲಾವಣೆ ಸ್ವಲ್ಪ ತೊಡಕು. ಪ್ರಾರ್ಥನೆ ಮುಗಿದ ಕೂಡಲೇ ತರಗತಿ ಶಿಕ್ಷಕರು ಹೋಗಿ ಹಾಜರಿ ಹಾಕಿ ಬರುವುದು, ಆಮೇಲೆ ಮೊದಲ ಅವಧಿ ಶುರು ಮಾಡುವುದು ನನಗೆ ಸುಲಭ ಅನ್ನಿಸಿದೆ.

ಶನಿವಾರಕ್ಕೆ ಬೇರೆ ಚಕ್ರ

ಶನಿವಾರ ಐದೇ ಅವಧಿ. ಹಿಂದಿಗೆ ವಾರಕ್ಕೆ 5 ಸಾಕು, ಅವು ಶುಕ್ರವಾರಕ್ಕೇ ಮುಗಿದವು. ಆದ್ದರಿಂದ ಶನಿವಾರ ಹಿಂದಿ ಬಿಟ್ಟು ಉಳಿದ ಐದು ವಿಷಯ ಹಾಕಬೇಕು. ಇಲ್ಲಿ ಮೇಲಿನ ಚಕ್ರದಲ್ಲಿ ಹಿಂದಿಯನ್ನು ಮಾತ್ರ ಅಳಿಸಿ ಬೇರೆಯದನ್ನು ತುಂಬಲು ಹೋದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಎರಡನೇ ಅವಧಿಗೆ ಮೂರು ತರಗತಿಗೂ ಭಾಷೆ ಬೇಕು, ಆದರೆ ಇರುವುದು ಕನ್ನಡ, ಇಂಗ್ಲಿಷ್ ಎರಡೇ. ಎಷ್ಟು ತಿರುಗಿಸಿದರೂ ಒಬ್ಬರು ಎರಡು ಕಡೆ ಬೀಳುತ್ತಾರೆ.

ಐದು ವಿಷಯಕ್ಕೆ ಹೊಸದಾಗಿ ಸುತ್ತು ಬರೆಯಿರಿ: ಗಣಿತ, ಕನ್ನಡ, ವಿಜ್ಞಾನ, ಇಂಗ್ಲಿಷ್, ಸಮಾಜ. ಮತ್ತೆ ಎರಡೆರಡು ಹೆಜ್ಜೆ ಜರುಗಿಸಿ. ಒಂಬತ್ತಕ್ಕೆ ಇದೇ ಕ್ರಮ. ಹತ್ತಕ್ಕೆ ವಿಜ್ಞಾನ, ಇಂಗ್ಲಿಷ್, ಸಮಾಜ, ಗಣಿತ, ಕನ್ನಡ. ಎಂಟಕ್ಕೆ ಸಮಾಜ, ಗಣಿತ, ಕನ್ನಡ, ವಿಜ್ಞಾನ, ಇಂಗ್ಲಿಷ್. ಕೆಳಮುಖವಾಗಿ ಓದಿ ನೋಡಿ, ಡಿಕ್ಕಿ ಇಲ್ಲ. ವಾರದಲ್ಲಿ ನಷ್ಟವಾಗಿದ್ದ ಒಂಬತ್ತಕ್ಕೆ ಇಲ್ಲಿ ಮೊದಲ ಅವಧಿಯ ಗಣಿತ ಸಿಕ್ಕಿತು.

ವಿಷಯಗಳ ಸಂಖ್ಯೆ ಎಷ್ಟಿದೆಯೋ ಅಷ್ಟೇ ಅವಧಿಯ ಚಕ್ರ ಮಾಡಬೇಕು. ಒಂದು ದಿನ ಒಬ್ಬ ಶಿಕ್ಷಕರು ಇಲ್ಲವೆಂದರೆ ಆ ದಿನದ ಚಕ್ರ ಒಂದು ಮನೆ ಚಿಕ್ಕದಾಗಬೇಕು.

ಭೌತಶಾಸ್ತ್ರದ ಗಂಟು

ಇಲ್ಲಿಯವರೆಗೆ ಗಣಿತಕ್ಕೊಬ್ಬರು, ವಿಜ್ಞಾನಕ್ಕೊಬ್ಬರು ಎಂದುಕೊಂಡೆವು. ಹತ್ತನೇ ತರಗತಿಯಲ್ಲಿ ಮಾತ್ರ ವಾರಕ್ಕೆ 3 ದಿನ ವಿಜ್ಞಾನದ ಅವಧಿಗೆ ಪಿ.ಸಿ.ಎಂ. ಮೇಷ್ಟ್ರು ಹೋಗಬೇಕು. ಚಕ್ರವನ್ನು ನೋಡಿ. ಒಂದು ಸಾಲಿನಲ್ಲಿ ವಿಜ್ಞಾನ ಇರುವ ಹೊತ್ತಿಗೆ ಇನ್ನೊಂದು ಸಾಲಿನಲ್ಲಿ ಯಾವಾಗಲೂ ಗಣಿತ ಇದೆ. ಮೊದಲ ಅವಧಿಯಲ್ಲೂ, ಮೂರರಲ್ಲೂ, ಐದರಲ್ಲೂ. ಹಾಗಾಗಿ ಭೌತಶಾಸ್ತ್ರವನ್ನು ವಿಜ್ಞಾನದ ಜಾಗದಲ್ಲೇ ಇಟ್ಟರೆ ನೂರಕ್ಕೆ ನೂರು ಡಿಕ್ಕಿ. ವಿಷಯದ ಹೆಸರಲ್ಲಿ ಪರೀಕ್ಷಿಸುವವರಿಗೆ ಇದು ಕಾಣುವುದೇ ಇಲ್ಲ, ಹಾಳೆಯಲ್ಲಿ ಒಂದು ಕಡೆ "ವಿಜ್ಞಾನ", ಇನ್ನೊಂದು ಕಡೆ "ಗಣಿತ" ಅಂತ ಇರುತ್ತದೆ.

ಪರಿಹಾರ ಆ ತರಗತಿಯ ಒಳಗೇ ಇದೆ. ಮಂಗಳವಾರ ಹತ್ತನೇ ತರಗತಿಗೆ ಒಂದನೇ ಸಾಲು, ಮೂರನೇ ಅವಧಿ ವಿಜ್ಞಾನ, ನಾಲ್ಕನೆಯದು ಕನ್ನಡ. ಎರಡನ್ನೂ ಅದಲುಬದಲು ಮಾಡಿ. ಈಗ ಎರಡು ಪ್ರಶ್ನೆ ಕೇಳಿ. ಕನ್ನಡದವರು ಮೂರನೇ ಅವಧಿಗೆ ಬಿಡುವಾಗಿದ್ದಾರಾ? ಹೌದು, ಭಾಷೆಯವರಿಗೆ ಆಗ ಪಾಠವಿಲ್ಲ. ಪಿ.ಸಿ.ಎಂ. ಮೇಷ್ಟ್ರು ನಾಲ್ಕನೇ ಅವಧಿಗೆ ಬಿಡುವಾ? ಹೌದು. ಗಂಟು ಬಿಚ್ಚಿತು. ಗುರುವಾರ ಹತ್ತಕ್ಕೆ ಮೂರನೇ ಸಾಲು. ಅಲ್ಲಿ ಐದನೇ ಅವಧಿಯ ವಿಜ್ಞಾನವನ್ನು ಆರನೇ ಅವಧಿಯ ಕನ್ನಡದ ಜೊತೆ ಬದಲಿಸಿ. ಬುಧವಾರ ಎರಡನೇ ಸಾಲು, ಅಲ್ಲಿ ಒಂದನೇ ಅವಧಿಯದನ್ನು ಎರಡನೆಯ ಜೊತೆ. ಮೂರು ದಿನದ ಭೌತಶಾಸ್ತ್ರ ಮುಗಿಯಿತು.

ಪಕ್ಕದ ಎರಡು ಅವಧಿಯನ್ನು ಹೀಗೆ ಬದಲಿಸಲು ಬರುವುದಕ್ಕೆ ಕಾರಣ, ಒಬ್ಬರು ಬೆಸ ಅವಧಿಯವರು, ಇನ್ನೊಬ್ಬರು ಸಮ ಅವಧಿಯವರು. ನಾಲ್ಕಾರು ತಿದ್ದುಪಡಿ ಆದ ಮೇಲೆ ಈ ಶಿಸ್ತು ಸಡಿಲವಾಗುತ್ತದೆ. ಆಗ ಪ್ರತಿ ಬದಲಾವಣೆಗೂ ಆ ಎರಡು ಅವಧಿಯ ಉಳಿದ ಎರಡು ತರಗತಿಯ ಮನೆಗಳನ್ನು ಕಣ್ಣಾರೆ ನೋಡಿಯೇ ಬರೆಯಿರಿ. ಒಬ್ಬರು ಬಿಡುವಿಲ್ಲದಿದ್ದರೆ ಅವರ ಆ ಅವಧಿಯನ್ನು ಅದೇ ತರಗತಿಯಲ್ಲಿ ಇನ್ನೊಂದು ಕಡೆಗೆ ಜರುಗಿಸಲು ಬರುತ್ತದಾ ನೋಡಿ. ಎರಡು ಮೂರು ಜರುಗಿಸುವಿಕೆಯಲ್ಲಿ ಮುಗಿಯದಿದ್ದರೆ ಆ ದಿನ ಬಿಟ್ಟು ಬೇರೆ ದಿನ ಪ್ರಯತ್ನಿಸುವುದು ವಾಸಿ.

ಹೆಚ್ಚುವರಿ ಅವಧಿಗಳನ್ನು ಕೂರಿಸುವುದು

ಗಣಿತ, ವಿಜ್ಞಾನ, ಕನ್ನಡ ತಲಾ 7. ದಿನಕ್ಕೊಂದರಂತೆ ಆರು ಆದವು, ಒಂದೊಂದು ಉಳಿಯಿತು. ಇವನ್ನು ಹಾಗೇ ಬಿಟ್ಟರೆ ಏಳು, ಎಂಟನೇ ಅವಧಿಗೆ ಹೋಗಿ ಬೀಳುತ್ತವೆ. ಕನ್ನಡಕ್ಕೆ ಅಡ್ಡಿಯಿಲ್ಲ. ಗಣಿತಕ್ಕೆ ಬೇಡ.

ತರಗತಿಗೆ ಒಂದನೇ ಸಾಲು ಇರುವ ದಿನ ನೋಡಿ. ಗಣಿತ ಮೊದಲ ಅವಧಿಯಲ್ಲಿ ಮುಗಿದಿದೆ, ಆರನೆಯದು ಹಿಂದಿ. ಹೆಚ್ಚುವರಿ ಗಣಿತವನ್ನು ಆರಕ್ಕೆ ತಂದು ಹಿಂದಿಯನ್ನು ಏಳಕ್ಕೆ ಕಳಿಸಿ. ಎಂಟಕ್ಕೆ ಸೋಮವಾರ, ಒಂಬತ್ತಕ್ಕೆ ಬುಧವಾರ, ಹತ್ತಕ್ಕೆ ಶುಕ್ರವಾರ ಹೀಗೆ ಮಾಡಿದೆ. ಎಂಟಕ್ಕೆ ಒಂದನೇ ಸಾಲು ಗುರುವಾರವೂ ಇತ್ತು. ಆದರೆ ಗುರುವಾರ ಆರನೇ ಅವಧಿಯಲ್ಲಿ ಪಿ.ಸಿ.ಎಂ. ಮೇಷ್ಟ್ರು ಹತ್ತಕ್ಕೆ ಭೌತಶಾಸ್ತ್ರ ಹೇಳುತ್ತಿದ್ದಾರೆ. ಇಂಥ ಕಡೆಯೇ ಡಿಕ್ಕಿ ಆಗೋದು.

ಹೆಚ್ಚುವರಿ ವಿಜ್ಞಾನವನ್ನು ಜೋಡಿ ಅವಧಿ ಮಾಡಿ ಪ್ರಯೋಗಕ್ಕೆ ಕೊಡಿ. ಎಂಟಕ್ಕೆ ಗುರುವಾರ 3 ಮತ್ತು 4, ಹತ್ತಕ್ಕೆ ಸೋಮವಾರ 5 ಮತ್ತು 6, ಒಂಬತ್ತಕ್ಕೆ ಶುಕ್ರವಾರ 5 ಮತ್ತು 6. ಮೂರು ಕಡೆಯೂ ಜಾಗ ಬಿಟ್ಟುಕೊಟ್ಟದ್ದು ಕನ್ನಡ, ಅದು ಕೊನೆಯ ಎರಡು ಅವಧಿಗೆ ಹೋಯಿತು. ಊಟದ ಮೇಲೆ ಜೋಡಿ ಅವಧಿ ಇಟ್ಟದ್ದಕ್ಕೆ ಕಾರಣ ಇದೆ. ಪ್ರಯೋಗಾಲಯದಲ್ಲಿ ಮಕ್ಕಳು ನಿಂತು, ಓಡಾಡಿ ಕೆಲಸ ಮಾಡುತ್ತಾರೆ, ತೂಕಡಿಕೆ ಬರುವುದಿಲ್ಲ. ಮೇಡಂ ಕೂಡ ಸಾಮಾನನ್ನು ನಾಲ್ಕನೇ ಅವಧಿಯ ಬಿಡುವಿನಲ್ಲಿ ಜೋಡಿಸಿಕೊಳ್ಳಬಹುದು.

ಉಳಿದದ್ದು ಆಟ ಮತ್ತು ಇತರೆ ಅವಧಿಗಳು. ಮೊದಲೇ ಎಣಿಸಿದಂತೆ ಆಟದ ಎರಡು ಅವಧಿ ಹೊರಗೆ ಉಳಿಯುತ್ತವೆ. ಮಂಗಳವಾರ ಎಂಟನೇ ತರಗತಿಯ, ಗುರುವಾರ ಒಂಬತ್ತನೇ ತರಗತಿಯ ಆರನೇ ಅವಧಿಯ ಇಂಗ್ಲಿಷನ್ನು ಏಳಕ್ಕೆ ತಳ್ಳಿ ಅಲ್ಲಿ ಆಟ ಹಾಕಿದರೆ ಸರಿಹೋಗುತ್ತದೆ. ಎಲ್ಲ ಸೇರಿ ಸೋಮವಾರ ಹೀಗೆ ಕಾಣುತ್ತದೆ:

| ತರಗತಿ | 1 | 2 | 3 | 4 | 5 | 6 | 7 | 8 |
|---|---|---|---|---|---|---|---|---|
| 8 | ಗಣಿತ | ಇಂಗ್ಲಿಷ್ | ವಿಜ್ಞಾನ | ಕನ್ನಡ | ಸಮಾಜ | ಗಣಿತ | ಹಿಂದಿ | ಆಟ |
| 9 | ವಿಜ್ಞಾನ | ಕನ್ನಡ | ಸಮಾಜ | ಹಿಂದಿ | ಗಣಿತ | ಇಂಗ್ಲಿಷ್ | ಆಟ | ಗ್ರಂಥಾಲಯ |
| 10 | ಸಮಾಜ | ಹಿಂದಿ | ಗಣಿತ | ಇಂಗ್ಲಿಷ್ | ವಿಜ್ಞಾನ | ವಿಜ್ಞಾನ | ಕನ್ನಡ | ಕಾರ್ಯಾನುಭವ |

ಎಂಟನೇ ಅವಧಿಯಲ್ಲಿ ಗ್ರಂಥಾಲಯಕ್ಕೆ ಇಂಗ್ಲಿಷಿನವರು, ಕಾರ್ಯಾನುಭವಕ್ಕೆ ಸಮಾಜದವರು, ಆಟಕ್ಕೆ ದೈಹಿಕ ಶಿಕ್ಷಕರು. ಮೂವರೂ ಬೇರೆ ಬೇರೆ. ಪಿ.ಸಿ.ಎಂ. ಮೇಷ್ಟ್ರಿಗೆ ಈ ದಿನ 1, 3, 5, 6. ಇಡೀ ವಾರ ನೋಡಿದರೆ ಅವರಿಗೆ ಸೋಮ 4, ಮಂಗಳ 4, ಬುಧ 5, ಗುರು 4, ಶುಕ್ರ 4, ಶನಿ 3. ಒಟ್ಟು 24, ಶಿಕ್ಷಕರ ಪಟ್ಟಿಯ ಲೆಕ್ಕಕ್ಕೆ ಸರಿಯಾಗಿದೆ. ಬುಧವಾರ ಬೆಳಿಗ್ಗೆ ಮೂರು ಅವಧಿ ಒಂದೇ ಸಮನೆ ಬರುತ್ತದೆ. ಮೂರರವರೆಗೆ ನಾನು ಒಪ್ಪುತ್ತೇನೆ, ನಾಲ್ಕಾದರೆ ಒಪ್ಪಲ್ಲ. ನಾಲ್ಕನೆಯದರಲ್ಲಿ ಅವರ ಗಂಟಲು ಹೋಗಿರುತ್ತದೆ, ಬೋರ್ಡ್ ಮೇಲೆ ಲೆಕ್ಕ ಬರೆದು "ಬರ್ಕೊಳ್ಳಿ" ಅನ್ನುವುದಷ್ಟೇ ಉಳಿಯುತ್ತದೆ.

ಪರೀಕ್ಷೆ: ಶಿಕ್ಷಕವಾರು ಹಾಳೆ

ತರಗತಿವಾರು ಹಾಳೆ ನೋಡಿ ಡಿಕ್ಕಿ ಹುಡುಕುವುದು ಕಣ್ಣಿಗೆ ಕಷ್ಟ. ಪ್ರತಿ ಶಿಕ್ಷಕರಿಗೂ ಒಂದು ಹಾಳೆ ಮಾಡಿ, ಅವರ ಅವಧಿಗಳನ್ನು ಇಲ್ಲಿಂದ ಅಲ್ಲಿಗೆ ಇಳಿಸಿ. ಒಂದು ಮನೆಯಲ್ಲಿ ಎರಡು ತರಗತಿ ಬರೆಯಬೇಕಾಗಿ ಬಂದರೆ ಅಲ್ಲಿ ಡಿಕ್ಕಿ. ಇಳಿಸಿದ ಮೇಲೆ ಒಟ್ಟು ಎಣಿಸಿ ಶಿಕ್ಷಕರ ಪಟ್ಟಿಯ ಜೊತೆ ಹೋಲಿಸಿ. ಈ ಕೆಲಸವನ್ನು ವೇಳಾಪಟ್ಟಿ ಹಾಕಿದವರಿಗಿಂತ ಬೇರೆಯವರು ಮಾಡಿದರೆ ಒಳ್ಳೆಯದು.

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಬಳಸುವವರು ವಾರದ 45 ಅವಧಿಯನ್ನು ಒಂದರ ಕೆಳಗೊಂದು 45 ಸಾಲಿನಲ್ಲಿ ಬರೆಯಿರಿ. `A` ಕಾಲಂನಲ್ಲಿ ದಿನ, `B`ಯಲ್ಲಿ ಅವಧಿ, `C`, `D`, `E`ಯಲ್ಲಿ ಎಂಟು, ಒಂಬತ್ತು, ಹತ್ತು. ಮನೆಯೊಳಗೆ ವಿಷಯ ಬರೆಯದೆ ಶಿಕ್ಷಕರ ಗುರುತು ಮಾತ್ರ ಬರೆಯಬೇಕು. ಪಿ.ಸಿ.ಎಂ. ಮೇಷ್ಟ್ರಿಗೆ `PCM` ಎಂದರೆ ಭೌತಶಾಸ್ತ್ರದ ಅವಧಿಗೂ `PCM`. ಅಲ್ಲಿ `PHY` ಅಂತ ಬರೆದರೆ ಶೀಟಿಗೆ ಅವರು ಬೇರೆ ಮನುಷ್ಯರು, ಡಿಕ್ಕಿ ತೋರಿಸುವುದೇ ಇಲ್ಲ. `F2`ರಲ್ಲಿ ಇದನ್ನು ಹಾಕಿ ಕೊನೆಯವರೆಗೆ ಎಳೆಯಿರಿ:

```
=IF(OR(C2=D2,D2=E2,C2=E2),"CLASH","")
```

ಯಾವ ಸಾಲಿನಲ್ಲಿ `CLASH` ಬಂತೋ ಅಲ್ಲಿ ಒಬ್ಬರು ಎರಡು ಕಡೆ ಇದ್ದಾರೆ. ಇನ್ನೂ ತುಂಬದ ಖಾಲಿ ಸಾಲಿನಲ್ಲೂ ಅದು ಬರುತ್ತದೆ, ಅದಕ್ಕೆ ಗಾಬರಿ ಬೇಡ. ಒಬ್ಬರ ವಾರದ ಒಟ್ಟು ಅವಧಿ ತಿಳಿಯಲು:

```
=COUNTIF($C$2:$E$46,"PCM")
```

24 ಬಂದರೆ ಸರಿ. 23 ಬಂದರೆ ಯಾರದೋ ಒಂದು ಅವಧಿ ಎಲ್ಲೋ ಕಳೆದುಹೋಗಿದೆ, ಅಥವಾ ಗುರುತಿನ ಮುಂದೆಯೋ ಹಿಂದೆಯೋ ಒಂದು ಖಾಲಿ ಜಾಗ ಸೇರಿಕೊಂಡಿದೆ. ಈ ಖಾಲಿ ಜಾಗದ ತಪ್ಪು ತುಂಬಾ ಸಾಮಾನ್ಯ.

ಭಾರದ ವಿಷಯದ ನಿಯಮವನ್ನು ಮಾತ್ರ ಕಣ್ಣಿಂದಲೇ ನೋಡಿ. ತರಗತಿವಾರು ಹಾಳೆಯಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಕೆಂಪು ಬಣ್ಣ ಹಚ್ಚಿ. ಎರಡು ಕೆಂಪು ಅಂಟಿಕೊಂಡಿದ್ದರೆ, ಅದು ಪ್ರಯೋಗದ ಜೋಡಿ ಅಲ್ಲದಿದ್ದರೆ, ತಿದ್ದಬೇಕು.

ಒಬ್ಬರು ಎರಡು ದಿನ ಇಲ್ಲದಿದ್ದರೆ

ನಿಯೋಜನೆಯ ಮೇಲೆ ಬರುವವರು, ಅತಿಥಿ ಶಿಕ್ಷಕರು ಇರುವ ಶಾಲೆಯಲ್ಲಿ ಅವರನ್ನೇ ಮೊದಲು ಕೂರಿಸಬೇಕು, ಉಳಿದವರು ಆಮೇಲೆ. ನಮ್ಮ ಉದಾಹರಣೆಯಲ್ಲಿ ಹಿಂದಿಯವರು ಗುರುವಾರ, ಶುಕ್ರವಾರ ಪಕ್ಕದೂರಿನ ಶಾಲೆಗೆ ಹೋಗುತ್ತಾರೆ ಅಂದುಕೊಳ್ಳಿ. ಆ ಎರಡು ದಿನದ ಮೊದಲ ಐದು ಅವಧಿಗೆ ಶನಿವಾರದ ಐದರ ಚಕ್ರವನ್ನೇ ಹಾಕಿ. ಹಿಂದಿಯ 5 ಅವಧಿಯನ್ನು ಸೋಮ, ಮಂಗಳ, ಬುಧವಾರಕ್ಕೆ 2, 2, 1 ಅಂತ ಹಂಚಿ, ಒಂದೇ ಅವಧಿ ಬರುವ ದಿನ ಮಾತ್ರ ಒಂದೊಂದು ತರಗತಿಗೆ ಒಂದೊಂದಾಗಿರಲಿ. ಎರಡನೇ ಹಿಂದಿ ಅವಧಿ ಏಳು ಅಥವಾ ಎಂಟಕ್ಕೆ ಬರಲಿ, ಅಲ್ಲಿದ್ದ ಆಟ ಗುರುವಾರ, ಶುಕ್ರವಾರದ ಖಾಲಿಯಾದ ಜಾಗಕ್ಕೆ ಹೋಗಲಿ. ಆಟದವರು ಆ ಎರಡು ದಿನ ಒಂದೇ ಹೊತ್ತಿಗೆ ಎರಡು ಕಡೆ ಬೀಳುವ ಸಂಭವ ಜಾಸ್ತಿ. ಅವರ ಹಾಳೆಯನ್ನು ಮೊದಲು ಪರೀಕ್ಷಿಸಿ.

ಎರಡೆರಡು ವಿಭಾಗದ ಶಾಲೆ, ಆರು ತರಗತಿ ಇದ್ದರೆ ಎ ವಿಭಾಗಗಳಿಗೊಂದು ಚಕ್ರ, ಬಿ ವಿಭಾಗಗಳಿಗೊಂದು ಚಕ್ರ ಮಾಡಿ, ಬಿ ಚಕ್ರವನ್ನು ಒಂದು ಅವಧಿ ಜರುಗಿಸಿ. ಎ ವಿಭಾಗದಲ್ಲಿ ಭಾಷೆ ಸಮ ಅವಧಿಗೆ ಬಂದರೆ ಬಿ ವಿಭಾಗದಲ್ಲಿ ಬೆಸ ಅವಧಿಗೆ ಬರುತ್ತದೆ. ಎರಡಕ್ಕೂ ಒಬ್ಬರೇ ಶಿಕ್ಷಕರಿದ್ದರೂ ಡಿಕ್ಕಿ ಇಲ್ಲ. ಆದರೆ ಅವರಿಗೆ ಆರೂ ಅವಧಿ ಒಂದೇ ಸಮನೆ ಪಾಠ ಬೀಳುತ್ತದೆ. ಅಂಥವರ ಎರಡು ಅವಧಿಯನ್ನಾದರೂ ದಿನಾ ಏಳು, ಎಂಟಕ್ಕೆ ತಳ್ಳಿ, ನಡುವೆ ಉಸಿರಾಡಲು ಬಿಡುವು ಮಾಡಿಕೊಡಿ. ಅಷ್ಟೂ ಆಗದಿದ್ದರೆ ಆ ಶಾಲೆಗೆ ಆ ವಿಷಯಕ್ಕೆ ಇನ್ನೊಬ್ಬರು ಬೇಕೇ ಬೇಕು. ನಿಮ್ಮ ಅವಧಿಯ ಲೆಕ್ಕದ ಹಾಳೆಯನ್ನೇ ಲಗತ್ತಿಸಿ ಬಿ.ಇ.ಒ. ಕಚೇರಿಗೆ ಅತಿಥಿ ಶಿಕ್ಷಕರ ಬೇಡಿಕೆ ಬರೆಯಿರಿ.